ಬೇಗ ಅಂದ್ರೆ ಎಷ್ಟೊತ್ತಿಗೆ?

ದೀಪಾವಳಿ ಹಿಂದಿನ ವಾರ ನನ್ನ ಚಟ್ನಿಪುಡಿ ಅಂಗಡಿಗೆ ಒಂದು ಅಭ್ಯಾಸ ಶುರುವಾಗುತ್ತದೆ. ಮಿಕ್ಸಿ ಹಾಕಿದ ತಕ್ಷಣ ಫೋನ್ ಕೂಗುತ್ತದೆ. ಅಂಗಡಿ ಅಂದರೆ ನಮ್ಮ ಅಡುಗೆಮನೆ ಮತ್ತು ಒಂದು ವಾಟ್ಸಾಪ್ ಬಿಸಿನೆಸ್ ನಂಬರ್. ಹುರಿಯುವವಳು, ಕುಟ್ಟುವವಳು, ಪ್ಯಾಕ್ ಮಾಡುವವಳು, ಉತ್ತರ ಕೊಡುವವಳು ಎಲ್ಲಾ ನಾನೇ. ಹಾಗಿದ್ದೂ 'ನಮ್ಮ ತಂಡ ನಿಮ್ಮನ್ನು ಸಂಪರ್ಕಿಸಲಿದೆ' ಅಂತ ಬರೆದರೆ ಮಿಕ್ಸಿಯೂ ನಕ್ಕೀತು.

ಬರುವ ಮೆಸೇಜ್‌ಗಳಲ್ಲಿ ಜಾಸ್ತಿ ಒಂದೇ ಪ್ರಶ್ನೆ: 'ಪಾರ್ಸೆಲ್ ಎಲ್ಲಿದೆ?' ಅದಕ್ಕೆ ಕ್ವಿಕ್ ರಿಪ್ಲೈ ಮಾಡಿಟ್ಟಿದ್ದೇನೆ. `/parcel` ಅಂತ ಒತ್ತಿದರೆ ಇದು ಬರುತ್ತದೆ:

'ನಮಸ್ಕಾರ. ನಿಮ್ಮ ಪಾರ್ಸೆಲ್ #### ತಾರೀಖು ಸ್ಪೀಡ್ ಪೋಸ್ಟ್‌ಗೆ ಕೊಟ್ಟಿದ್ದೇನೆ. ನಂಬರ್ ####. #### ಒಳಗೆ ಬರದಿದ್ದರೆ ಒಂದು ಮೆಸೇಜ್ ಹಾಕಿ, ಪೋಸ್ಟ್ ಆಫೀಸಿನಲ್ಲಿ ನಾನೇ ವಿಚಾರಿಸುತ್ತೇನೆ.'

ಇದರಲ್ಲಿ ಮುಖ್ಯವಾದದ್ದು ಕೊನೆಯ ಸಾಲು. ಹುಬ್ಬಳ್ಳಿಯ ಗಿರಾಕಿಗೆ ಬರೀ ಟ್ರ್ಯಾಕಿಂಗ್ ನಂಬರ್ ಕೊಟ್ಟೆ ಅನ್ನಿ. ಅವರು ಸಂಜೆ ನೋಡುತ್ತಾರೆ, ಪಾರ್ಸೆಲ್ ಇನ್ನೂ ಬುಕ್ ಆದಲ್ಲೇ ಇರುತ್ತದೆ. 'ಮೇಡಂ, ಇದು ಕದಲಿಲ್ಲ' ಅಂತ ಮತ್ತೆ ಬರೆಯುತ್ತಾರೆ. ಬೆಳಿಗ್ಗೆ ಇನ್ನೊಮ್ಮೆ. ಗುರುವಾರದ ತನಕ ನೋಡಿ ಅಂತ ಮೊದಲೇ ಹೇಳಿದ್ದರೆ ಗುರುವಾರದ ತನಕ ಸುಮ್ನಿರುತ್ತಾರೆ. ಆ ದಿನವನ್ನು ಹಬ್ಬದ ರಜೆ ಲೆಕ್ಕ ಹಾಕಿ, ಒಂದು ದಿನ ಸೇರಿಸಿಯೇ ಬರೆಯುವುದು.

ಖಾಲಿ ಜಾಗಗಳನ್ನು ಆ್ಯಪ್ ತಾನೇ ತುಂಬುವುದಿಲ್ಲ. ಅದಕ್ಕೇ ಕಣ್ಣಿಗೆ ಚುಚ್ಚುವ ಹಾಗೆ ####. ಹೆಸರಿಗೆ ಮಾತ್ರ ಜಾಗ ಬಿಟ್ಟಿಲ್ಲ. ಅವಸರದಲ್ಲಿ ಸುಜಾತಾ ಅವರಿಗೆ 'ರಮೇಶ್ ಅವರೇ' ಅಂತ ಹೋಗುವುದಕ್ಕಿಂತ ಬರೀ ನಮಸ್ಕಾರ ವಾಸಿ, ಅಲ್ವಾ?

ನಾನು ಫೋನ್ ನೋಡದಿರುವಾಗ ತಾನಾಗಿ ಹೋಗುವ ಮೆಸೇಜಿನಲ್ಲಿ 'ಬೇಗ ಉತ್ತರಿಸುತ್ತೇವೆ' ಅಂತ ಹಾಕುವುದು ನನಗೆ ಸರಿಬರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬರೆದವರ 'ಬೇಗ' ಹನ್ನೊಂದೂ ಐದಕ್ಕೆ ಮುಗಿದಿರುತ್ತದೆ. ನನ್ನದು ಹೀಗಿದೆ: 'ಈ ವಾರ ಮಧ್ಯಾಹ್ನ 1ಕ್ಕೆ ಮತ್ತು ರಾತ್ರಿ 8ಕ್ಕೆ ಮೆಸೇಜ್ ನೋಡುತ್ತೇನೆ. ವಿಳಾಸ ಬದಲಿಸಬೇಕಿದ್ದರೆ ಫೋನ್ ಮಾಡಿ.' ವಿಳಾಸಕ್ಕೆ ಮಾತ್ರ ಆ ವಿನಾಯಿತಿ. ರೇಟು ಕೇಳಿದವರು ರಾತ್ರಿ ತನಕ ಕಾದರೆ ಹೆಚ್ಚೆಂದರೆ ಒಂದು ಆರ್ಡರ್ ಹೋದೀತು. ಪಾರ್ಸೆಲ್ ಕೌಂಟರ್ ದಾಟಿದ ಮೇಲೆ 'ನಾವು ಮನೆ ಬದಲಿಸಿದ್ದೇವೆ' ಅಂತ ತಿಳಿದರೆ ಪುಡಿ, ಅಂಚೆ ಖರ್ಚು, ಹಬ್ಬ ಮೂರೂ ಹೋದವು.

ನೋಡಲು ಕೂತಾಗ ಮೇಲಿನಿಂದ ಕೆಳಗೆ ಓದುವುದೂ ಇಲ್ಲ. ಹೊಸ ಮೆಸೇಜ್ ಮೇಲೆ ಬಂದು ಕೂರುತ್ತದೆ. ಪಾಪ, ಬೆಳಗಿನಿಂದ ಕಾದವರು ತಳದಲ್ಲಿರುತ್ತಾರೆ. ಹಾಗಾಗಿ ತಳದಿಂದ ಶುರು. 'ಓಕೆ', ಕೈಮುಗಿದ ಚಿತ್ರ ಇಂಥವಕ್ಕೆ ಉತ್ತರವಿಲ್ಲ. ಕೊಟ್ಟರೆ ಅವರೂ ಇನ್ನೊಂದು ಕೈಮುಗಿಯುತ್ತಾರೆ.

ಡಬ್ಬ ಒಡೆದು ಪುಡಿಯೆಲ್ಲಾ ಚೆಲ್ಲಿದೆ ಅಂತ ಫೋಟೋ ಬಂದರೆ ಮಾತ್ರ ಟೆಂಪ್ಲೇಟ್ ಮುಟ್ಟುವುದಿಲ್ಲ. ಕೈ ಒರೆಸಿಕೊಂಡು ಫೋನ್ ಮಾಡುತ್ತೇನೆ. ಬೈಯುವವರು ಮೊದಲು ಬೈಯಲಿ. ಆಮೇಲೆ ಬೇರೆ ಡಬ್ಬವೋ, ದುಡ್ಡು ವಾಪಸ್ಸೋ ಅಂತ ಕೇಳುತ್ತೇನೆ. ಹೆಚ್ಚಿನವರು ಕೇಳುವುದು ಡಬ್ಬವನ್ನೇ.