ಡಿಸ್ಕೋ ಡ್ರಮ್ಮೋ ಕೇಳುವ ಮುಂಚೆ, ಗಾಬರಿಯಾದಾಗ ನಿಮ್ಮ ಕೈ ಯಾವ ಬ್ರೇಕ್ ಹಿಡಿಯುತ್ತದೆ ನೋಡಿ

ಬಾಗಲಕೋಟೆಯ ನವನಗರದಲ್ಲಿ ನಾನು ಟೂ ವ್ಹೀಲರ್ ಗ್ಯಾರೇಜ್ ನಡೆಸುತ್ತೇನೆ. ಹೊಸ ಗಾಡಿ ತಗೊಳ್ಳುವವರು ಶೋರೂಮಿಗೆ ಹೋಗುವ ಮುಂಚೆ ನಮ್ಮ ಕಡೆ ಒಂದು ಮಾತು ಕೇಳಿಕೊಂಡು ಹೋಗುತ್ತಾರೆ. ಮೊದಲು ಮೈಲೇಜ್ ಕೇಳುತ್ತಾರೆ, ಆಮೇಲೆ ಡಿಸ್ಕ್ ತಗೊಳ್ಳೋದೋ ಡ್ರಮ್ ಸಾಕೋ ಅಂತ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಂಚೆ ನೋಡಬೇಕಾದ್ದು ಬೇರೆ ಇದೆ. ಎದುರಿಗೆ ಏನಾದರೂ ಅಡ್ಡ ಬಂದಾಗ ನೀವು ಯಾವ ಬ್ರೇಕ್ ಹಿಡಿಯುತ್ತೀರಿ?

ಉತ್ತರ ನನಗೆ ಗ್ಯಾರೇಜಿನಲ್ಲೇ ಕಾಣುತ್ತದೆ. ಚಕ್ರ ಬಿಚ್ಚಿದಾಗ ಹಿಂದಿನ ಬ್ರೇಕ್ ಶೂ ಸವೆದು ಲೈನರ್ ಕಾಗದದಷ್ಟು ತೆಳ್ಳಗಾಗಿರುತ್ತದೆ, ಮುಂದಿನ ಶೂ ಹೊಸದರಂತೆ ಇರುತ್ತದೆ. ಇದು ಒಬ್ಬಿಬ್ಬರ ಗಾಡಿಯ ಕಥೆ ಅಲ್ಲ. ನಮ್ಮ ಭಾಗದಲ್ಲಿ ಗಾಡಿ ಕಲಿಸುವಾಗಲೇ "ಮುಂದಿನ ಬ್ರೇಕ್ ಹಿಡಿಬ್ಯಾಡ, ಪಲ್ಟಿ ಹೊಡಿತಿ" ಅಂತ ಹೇಳಿ ಕಲಿಸುತ್ತಾರೆ. ಆ ಮಾತು ಜೀವನಪೂರ್ತಿ ಕೈಯಲ್ಲಿ ಉಳಿದುಬಿಡುತ್ತದೆ.

ಬ್ರೇಕ್ ಹಿಡಿದ ಕೂಡಲೇ ಗಾಡಿಯ ಮುಂಭಾಗ ಕೆಳಗೆ ಕುಗ್ಗುತ್ತದಲ್ವಾ, ಆಗ ಭಾರ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಸರಿಯುತ್ತದೆ. ಭಾರ ಕಡಿಮೆಯಾದ ಟೈರಿಗೆ ರಸ್ತೆಯ ಮೇಲೆ ಹಿಡಿತವೂ ಕಡಿಮೆ. ಹಾಗಾಗಿ ಹಿಂದಿನ ಬ್ರೇಕನ್ನು ಎಷ್ಟೇ ಜೋರಾಗಿ ಒತ್ತಿದರೂ ಒಂದು ಮಿತಿ ದಾಟಿದ ಮೇಲೆ ಚಕ್ರ ಲಾಕ್ ಆಗಿ ಜಾರುತ್ತದೆಯೇ ಹೊರತು ಗಾಡಿ ಬೇಗ ನಿಲ್ಲುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಒಣ ಡಾಂಬರು ರಸ್ತೆ, ಗಂಟೆಗೆ 50 ಕಿ.ಮೀ. ವೇಗ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಅಪಾಯ ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಹೋದರೂ 14 ಮೀಟರ್ ಸುಮ್ನೆ ಹೋಯಿತು. ಬ್ರೇಕ್ ಹಿಡಿದ ಮೇಲೆ, ಹಿಂದಿನದ್ದು ಮಾತ್ರ ಹಿಡಿದವರು ನಿಲ್ಲಲು ಇನ್ನೂ 29–30 ಮೀಟರ್ ಬೇಕು. ಎರಡನ್ನೂ ಸೇರಿಸಿ ಚೆನ್ನಾಗಿ ಹಿಡಿದವರು ಸುಮಾರು 16 ಮೀಟರಿನಲ್ಲಿ ನಿಲ್ಲುತ್ತಾರೆ. ಮುಖ್ಯ ಮಾತು ಇನ್ನು ಮುಂದೆ ಇದೆ. ಎರಡೂ ಬ್ರೇಕ್ ಹಿಡಿದವರು ಪೂರ್ತಿ ನಿಂತ ಅದೇ ಜಾಗದಲ್ಲಿ, ಹಿಂದಿನದ್ದು ಮಾತ್ರ ಹಿಡಿದವರು ಇನ್ನೂ 34 ಕಿ.ಮೀ. ಆಸುಪಾಸಿನ ವೇಗದಲ್ಲಿರುತ್ತಾರೆ. ಆ ಜಾಗದಲ್ಲಿ ಕಬ್ಬಿನ ಟ್ರ್ಯಾಲಿಯ ಹಿಂಭಾಗ ಇದ್ದರೆ, ಒಬ್ಬರು ಅದರ ಹಿಂದೆ ನಿಂತು ಉಸಿರು ಬಿಡುತ್ತಾರೆ, ಇನ್ನೊಬ್ಬರು 34ರ ವೇಗದಲ್ಲಿ ಹೋಗಿ ಗುದ್ದುತ್ತಾರೆ. ಒಣಗಿರುವ, ಸರಿಯಾಗಿ ಹೊಂದಿಸಿದ ಡ್ರಮ್ಮಿಗೂ ಡಿಸ್ಕಿಗೂ ಇಷ್ಟು ವ್ಯತ್ಯಾಸ ಬರುವುದಿಲ್ಲ.

ಒಂದನ್ನು ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್ ಹಿಡಿಯುವ ಸಿಬಿಎಸ್ ಬಂದಿರುವುದು ಈ ಅಭ್ಯಾಸಕ್ಕೆ ಮದ್ದಾಗಿ. 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ ಅಥವಾ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರಲೇಬೇಕು, ಅದಕ್ಕಿಂತ ದೊಡ್ಡ ಗಾಡಿಗೆ ಎಬಿಎಸ್ಸೇ ಬೇಕು. ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಡಿದರೆ ಹಿಂದಿನ ಬ್ರೇಕ್ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಬೈಕಿನಲ್ಲಿ ಕಾಲಿನ ಪೆಡಲ್ ಒತ್ತಿದರೆ ಅದೇ ಕೆಲಸ. ಸ್ಕೂಟರಿನ ಎಡ ಲಿವರಿನ ಎಳೆತ ಈಕ್ವಲೈಜರ್ ಅನ್ನುವ ಒಂದು ಚಿಕ್ಕ ತುಂಡಿಗೆ ಹೋಗಿ, ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಅಂತ ಹಂಚಿಹೋಗುತ್ತದೆ. ಹಗುರವಾಗಿ ಹಿಡಿದಾಗ ಹಿಂದಿನದೇ ಜಾಸ್ತಿ ಕೆಲಸ ಮಾಡುತ್ತದೆ, ಗಟ್ಟಿ ಹಿಡಿದಾಗ ಮುಂದಿನದೂ ಸೇರುತ್ತದೆ.

ಆದರೆ ಮುಂದಕ್ಕೆ ಹೋಗುವುದು ಪಾಲು ಮಾತ್ರ, ಪೂರ್ತಿ ಅಲ್ಲ. ಎಡಗೈ ಒಂದನ್ನೇ ಹಿಡಿದವರು ಆ 30 ಮತ್ತು 16 ಮೀಟರ್ ನಡುವೆ ಎಲ್ಲೋ ನಿಲ್ಲುತ್ತಾರೆ. ಬಲಗೈ ಲಿವರ್ ಕೂಡ ಹಿಡಿದಾಗಲೇ ಪೂರ್ತಿ ಬ್ರೇಕ್ ಸಿಗುವುದು. ಇನ್ನೊಂದು ವಿಷಯ, ಸಿಬಿಎಸ್ಸಿಗೆ ಚಕ್ರ ಲಾಕ್ ಆಗುವುದು ತಿಳಿಯುವುದಿಲ್ಲ. ಅದರಲ್ಲಿ ಸೆನ್ಸರ್ ಇಲ್ಲ. ಎಬಿಎಸ್ಸೂ ಇದೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೋದ ತಿಂಗಳು ನಮ್ಮ ಓಣಿಯ ಅಕ್ಕೋರು ಬಂದಿದ್ದರು. ಗದ್ದನಕೇರಿ ಕ್ರಾಸ್ ಹಾದು, ಅನಗವಾಡಿ ಸೇತುವೆ ದಾಟಿ ಬೀಳಗಿ ಕಡೆಯ ಶಾಲೆಗೆ ದಿನಾ ಸ್ಕೂಟರ್ ಮೇಲೆ ಹೋಗಿಬರುವವರು. ಹಳೆಯದನ್ನು ಕೊಟ್ಟು ಹೊಸ 125 ತಗೊಳ್ಳುವ ವಿಚಾರ.

"ಅಣ್ಣಾರ, ಡ್ರಮ್ ಇದ್ರ ನಡಿತೈತಿಲ್ರಿ? ಸಿಬಿಎಸ್ ಅಂತೂ ಎರಡರಾಗೂ ಐತಂತ," ಅಂದರು.

"ಮೊದಲ ನಿಮ್ಮ ಹಳೇ ಗಾಡಿ ನೋಡೂಣ್ರಿ ಅಕ್ಕೋರೆ," ಅಂದೆ.

ಅದೂ ಸಿಬಿಎಸ್ ಗಾಡಿಯೇ. ಸೆಂಟರ್ ಸ್ಟ್ಯಾಂಡ್ ಹಾಕಿ, ನಮ್ಮ ಹುಡುಗನಿಗೆ ಹಿಂದಿನ ಹಿಡಿಕೆ ಕೆಳಗೆ ಒತ್ತಲು ಹೇಳಿದೆ. ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಕೈಯಿಂದ ಚಕ್ರ ತಿರುಗಿಸಿ, ಅಕ್ಕೋರಿಗೆ ಎಡ ಲಿವರ್ ಪೂರ್ತಿ ಹಿಡಿಯಿರಿ ಅಂದೆ. ಹಿಡಿದರು. ಮುಂದಿನ ಚಕ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಅಂದರೆ ಇಷ್ಟು ದಿನ ಅವರ ಸಿಬಿಎಸ್ ಹೆಸರಿಗೆ ಮಾತ್ರ ಇತ್ತು.

ಇದಕ್ಕೆ ಕಾರಣ ದೊಡ್ಡದೇನಲ್ಲ. ಶೂ ಸವೆದಂತೆ ಲಿವರ್ ಸಡಿಲಾಗುತ್ತದೆ. ಸರ್ವಿಸಿಗೆ ಕೊಟ್ಟಾಗ ಹಿಂದಿನ ಚಕ್ರದ ಹತ್ತಿರದ ನಟ್ ಒಂದನ್ನು ತಿರುಗಿಸಿ ಬಿಗಿ ಮಾಡಿ ಕಳಿಸುತ್ತಾರೆ. ಗಿರಾಕಿಗೆ ಲಿವರ್ ಗಟ್ಟಿಯಾಗಿದೆ ಅನ್ನಿಸುತ್ತದೆ, ಖುಷಿಯಾಗಿ ಹೋಗುತ್ತಾರೆ. ಮುಂದಿನ ಸಿಬಿಎಸ್ ಕೇಬಲ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಹಿಂದಿನದು ಬಿಗಿಯಾದಷ್ಟೂ ಲಿವರ್ ಬೇಗ ನಿಲ್ಲುತ್ತದೆ, ಮುಂದಿನ ಕೇಬಲ್ಲಿಗೆ ಎಳೆತ ತಲುಪುವುದೇ ಇಲ್ಲ. ಅವರ ಗಾಡಿಯ ಮುಂದಿನ ಕೇಬಲ್ ಹೊಂದಿಸಿ, ಎರಡೂ ಲಿವರಿಗೆ ಒಂದರಿಂದ ಎರಡು ಸೆಂಟಿಮೀಟರ್ ಆಟ ಬಿಟ್ಟು, ಮತ್ತೆ ಚಕ್ರ ತಿರುಗಿಸಿದೆವು. ಈ ಸಲ ಎಡಗೈಗೆ ಚಕ್ರ ಗಕ್ಕನೆ ನಿಂತಿತು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ದಯವಿಟ್ಟು ಸರ್ವಿಸ್ ಮುಗಿದ ಮೇಲೆ ಪ್ರತಿ ಸಲ ನಿಂತು ಮಾಡಿಸಿ.

ಇನ್ನು ಅಕ್ಕೋರ ಪ್ರಶ್ನೆ. ಮುಂದಿನ ಡಿಸ್ಕಿಗೆ ಕೆಲವು ಸಾವಿರ ಜಾಸ್ತಿ ಕೊಡಬೇಕೋ ಬೇಡವೋ? ನಿಲ್ಲುವ ದೂರದ ಕೊನೆಯ ಮಿತಿ ಟೈರು ಮತ್ತು ರಸ್ತೆಯ ಹಿಡಿತ. ಸರಿಯಾಗಿ ಹೊಂದಿಸಿದ ಡ್ರಮ್ಮೂ ಗಟ್ಟಿ ಹಿಡಿದರೆ ಆ ಮಿತಿಯ ಹತ್ತಿರ ಹೋಗುತ್ತದೆ. ಡಿಸ್ಕಿನ ಲಾಭ ಬೇರೆ. ಕಡಿಮೆ ಬಲದಲ್ಲಿ ಅಷ್ಟೇ ಬ್ರೇಕ್ ಸಿಗುತ್ತದೆ, ಎಷ್ಟು ಹಿಡಿದೆವು ಅನ್ನುವುದು ಬೆರಳಿಗೆ ತಿಳಿಯುತ್ತದೆ. ಪ್ಯಾಡ್ ಸವೆದಂತೆ ಅದೇ ಹೊಂದಿಕೊಳ್ಳುತ್ತದೆ, ನಟ್ ತಿರುಗಿಸುವ ಕೆಲಸ ಇಲ್ಲ. ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಕೆಲವು ಸಲ ಬ್ರೇಕ್ ಮೊದಲಿಗೆ ಹಿಡಿಯುವುದೇ ಇಲ್ಲ, ನಿಧಾನಕ್ಕೆ ಓಡಿಸುತ್ತಾ ಹಗುರವಾಗಿ ಹಿಡಿದು ಒಣಗಿಸಬೇಕು. ದಿನಾ ಹೆದ್ದಾರಿ ಮೇಲೆ ಓಡಾಡುವ, ಕೈಯಲ್ಲಿ ಅಷ್ಟು ಬಲ ಇಲ್ಲದ ಅಕ್ಕೋರಂಥವರಿಗೆ ಡಿಸ್ಕ್ ಬೇಕೇ ಬೇಕು ಅಂದೆ. ಊರೊಳಗೆ ಸಂತೆಗೆ, ಗುಡಿಗೆ ಓಡಾಡುವವರಾಗಿದ್ದರೆ ಡ್ರಮ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ ಅನ್ನುತ್ತಿದ್ದೆ.

ಡಿಸ್ಕ್ ತಗೊಂಡ ಮೇಲೆ ವಾಟರ್ ಸರ್ವಿಸಿನಲ್ಲಿ ಡೀಸೆಲ್ ಹೊಡೆಯಲು ಬಿಡಬೇಡಿ. ಡಿಸ್ಕ್ ಮೇಲೆ ಎಣ್ಣೆ ಕೂತರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹಿಡಿತ ಬರುವುದಿಲ್ಲ, ಪ್ಯಾಡ್ ಬದಲಿಸಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಈಗ ಎಬಿಎಸ್. ನಮ್ಮ ಬಾಗಲಕೋಟೆ, ವಿಜಯಪುರದ ರಸ್ತೆ ನೋಡಿದವರಿಗೆ ಇದರ ಅಗತ್ಯ ವಿವರಿಸಿ ಹೇಳಬೇಕಿಲ್ಲ. ಸುಗ್ಗಿಯಲ್ಲಿ ಜೋಳ, ಕಡಲೆ, ತೊಗರಿ ರಸ್ತೆ ಮೇಲೆಯೇ ಹರವಿ ರಾಶಿ ಮಾಡುತ್ತಾರೆ. ಮಳೆ ಬಿದ್ದರೆ ಹೊಲದಿಂದ ಬರುವ ಟ್ರ್ಯಾಕ್ಟರ್ ಗಾಲಿಯ ಎರೆಮಣ್ಣು ಡಾಂಬರಿಗೆ ಮೆತ್ತಿಕೊಂಡು ಬೆಣ್ಣೆಯಂತೆ ಜಾರುತ್ತದೆ. ಅಂಥ ಕಡೆ ಗಾಬರಿಯಲ್ಲಿ ಮುಂದಿನ ಡಿಸ್ಕ್ ಗಟ್ಟಿ ಹಿಡಿದರೆ ಚಕ್ರ ಲಾಕ್ ಆಗುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ಗಾಡಿ ಹಿಂದೆ ಅಡ್ಡಾಡುತ್ತದೆ, ಬ್ರೇಕ್ ಬಿಟ್ಟರೆ ಸರಿಮಾಡಿಕೊಳ್ಳಬಹುದು. ಮುಂದಿನದು ಲಾಕ್ ಆದರೆ ಸಾವರಿಸಿಕೊಳ್ಳಲು ಟೈಮೇ ಇಲ್ಲ, ನೆಲಕ್ಕೆ ಬಿದ್ದಿರುತ್ತೇವೆ. "ಮುಂದಿನದು ಹಿಡಿಬ್ಯಾಡ" ಅನ್ನುವ ಹಳೆಯ ಮಾತಿನಲ್ಲಿ ಸತ್ಯ ಇರುವುದು ಇಷ್ಟು.

ಎಬಿಎಸ್ ಮಾಡುವುದು ಇದನ್ನು ತಪ್ಪಿಸುವ ಕೆಲಸ. ಚಕ್ರದ ಹತ್ತಿರ ಇರುವ ಸೆನ್ಸರ್ ವೇಗ ನೋಡುತ್ತಿರುತ್ತದೆ. ಚಕ್ರ ನಿಲ್ಲುವ ಸೂಚನೆ ಸಿಕ್ಕ ಕೂಡಲೇ ಬ್ರೇಕಿನ ಒತ್ತಡ ಬಿಟ್ಟು, ಮತ್ತೆ ಹಿಡಿದು, ಸೆಕೆಂಡಿಗೆ ಹಲವು ಸಲ ಹೀಗೆ ಮಾಡುತ್ತದೆ. ಲಿವರ್ ಅಥವಾ ಪೆಡಲ್ ಗುಡುಗುಡು ಅದುರಿದರೆ ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಅಪಾಯ ಜಾಸ್ತಿ ಇರುವುದು ಅಲ್ಲೇ ಆದ್ದರಿಂದ, ದುಡ್ಡು ಕಡಿಮೆ ಇರುವವರು ಸಿಂಗಲ್ ಚಾನೆಲ್ ತಗೊಂಡರೂ ಮುಖ್ಯ ರಕ್ಷಣೆ ಸಿಗುತ್ತದೆ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಧ್ಯಯನದಲ್ಲಿ, ಎಬಿಎಸ್ ಇರುವ ಬೈಕುಗಳಲ್ಲಿ ಪ್ರಾಣ ಹೋಗುವ ಅಪಘಾತದ ಪ್ರಮಾಣ 22 ಶೇಕಡಾ ಕಡಿಮೆ ಕಂಡಿದೆ. ಅಲ್ಲಿಯ ಬೈಕ್, ರಸ್ತೆ ಬೇರೆ. ಆ ಅಂಕಿಯನ್ನು ಹಾಗೇ ಇಲ್ಲಿಗೆ ತರುವುದು ಸರಿಯಲ್ಲ, ಆದರೆ ಲಾಭ ಯಾವ ಕಡೆಗಿದೆ ಅನ್ನುವುದು ತಿಳಿಯುತ್ತದೆ.

ಇದಕ್ಕೂ ಮಿತಿ ಇದೆ. ಸಡಿಲ ಕಡಿ ಅಥವಾ ಹರವಿದ ಕಾಳಿನ ಮೇಲೆ ಎಬಿಎಸ್ ನಿಮ್ಮನ್ನು ಬೀಳದಂತೆ ನೋಡಿಕೊಳ್ಳುತ್ತದೆ, ನಿಲ್ಲುವ ದೂರ ಮಾತ್ರ ಉದ್ದವೇ ಆಗುತ್ತದೆ. ತಿರುವಿನಲ್ಲಿ ಗಾಡಿ ವಾಲಿಸಿರುವಾಗ ಸಾಮಾನ್ಯ ಎಬಿಎಸ್ ಪೂರ್ತಿ ಕಾಪಾಡುವುದಿಲ್ಲ. ಸವೆದ ಟೈರಿಗೆ ಅದು ಹೊಸ ಹಿಡಿತ ತಂದುಕೊಡುವುದಿಲ್ಲ.

ಅಕ್ಕೋರ ಜೊತೆ ಅವರ ಮಗನೂ ಬಂದಿದ್ದ. ಕಾಲೇಜಿಗೆ ಬೈಕ್ ಬೇಕಂತೆ. ಅವನು ಕೇಳಿದ್ದು ಎಲ್‌ಇಡಿ ಲೈಟ್, ಬ್ಲೂಟೂತ್ ಮೀಟರ್. ಅವನಿಗೆ ಒಂದೇ ಮಾತು ಹೇಳಿದೆ. 125 ಸಿಸಿಯಲ್ಲಿ ಎಬಿಎಸ್ ಕಡ್ಡಾಯ ಅಲ್ಲದಿದ್ದರೂ ಆ ಆಯ್ಕೆ ಇರುವ ಬೈಕ್ ಬಂದಿವೆ, ಹೀರೋ ಎಕ್ಸ್‌ಟ್ರೀಮ್ 125ಆರ್ ಅಂಥದ್ದು. ಬಜಾಜ್ ಪ್ಲಾಟಿನಾ 110ಕ್ಕೂ 2022ರಲ್ಲಿ ಎಬಿಎಸ್ ಮಾದರಿ ಬಂದಿತ್ತು. ಬ್ಲೂಟೂತ್ ಮೀಟರಿಗೆ ಹಾಕುವ ದುಡ್ಡನ್ನು ಎಬಿಎಸ್ಸಿಗೆ ಹಾಕು ಅಂದೆ. ಸ್ಕೂಟರ್ ವಿಷಯ ಸ್ವಲ್ಪ ಕಷ್ಟ. 125ರ ಸ್ಕೂಟರುಗಳಲ್ಲಿ ಹೆಚ್ಚಿನವು ಸಿಬಿಎಸ್ಸಿನಲ್ಲೇ ನಿಂತಿವೆ. ಎಲ್ಲಾ ಹೊಸ ದ್ವಿಚಕ್ರ ವಾಹನಕ್ಕೂ ಎಬಿಎಸ್ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿತು. ಗಾಡಿಯ ಬೆಲೆ ಏರುತ್ತದೆ ಅನ್ನುವ ವಾದ ನನಗೂ ಗೊತ್ತು, ಕಡಿಮೆ ದುಡ್ಡಿನ ಗಿರಾಕಿಗಳೇ ನಮ್ಮ ಕಡೆ ಜಾಸ್ತಿ. ಆದರೂ ನಾನು ಆ ಕರಡಿನ ಪರ. ಎರೆಮಣ್ಣು ಮೆತ್ತಿದ ರಸ್ತೆಗೆ ಹೋಗುವುದು 100 ಸಿಸಿ ಗಾಡಿಗಳೇ.

ಎಬಿಎಸ್ ಗಾಡಿ ಡೆಲಿವರಿ ತಗೊಳ್ಳುವಾಗ ಮೀಟರಿನ ಎಬಿಎಸ್ ದೀಪ ನೋಡಿ. ಕೀ ಆನ್ ಮಾಡಿದಾಗ ಅದು ಹೊತ್ತಬೇಕು, ಗಾಡಿ ಸ್ವಲ್ಪ ವೇಗ ಹಿಡಿದ ಮೇಲೆ ಆರಬೇಕು. ಹೊತ್ತೇ ಇದ್ದರೆ ಸಾದಾ ಬ್ರೇಕ್ ಹಿಡಿಯುತ್ತದೆ, ಎಬಿಎಸ್ ಇರುವುದಿಲ್ಲ. ಮಳೆಗಾಲದಲ್ಲಿ ಸೆನ್ಸರ್ ಮುಂದೆ ಕೆಸರು ಕೂತರೂ ಹೀಗಾಗಬಹುದು, ಮೊದಲು ಅಲ್ಲಿ ನೀರು ಹಾಕಿ ತೊಳೆದು ನೋಡಿ. ಆಮೇಲೂ ಆರದಿದ್ದರೆ ಶೋರೂಮಿಗೇ ಒಯ್ಯಿರಿ. ವೈರ್ ಕಿತ್ತು ದೀಪ ಆರಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ.