ನಾಲ್ಕು ಗಂಟೆಗೆ ಎದ್ದು ಓದಿ ಅನ್ನುವ ಮಹಾನುಭಾವರಿಗೆ

ಇವತ್ತು ಮತ್ತೊಬ್ಬರ ಉಪದೇಶ ಓದಿ ತಲೆ ಕೆಟ್ಟಿತು: "ಕೆಲಸ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಎಂ.ಎ. ಮಾಡಬೇಕಾ? ಬೆಳಗ್ಗೆ ನಾಲ್ಕಕ್ಕೆ ಎದ್ದೇಳಿ, ಅಷ್ಟೆ." ರಾತ್ರಿ ಒಂಬತ್ತಕ್ಕೆ ಸಿಲ್ಕ್ ಬೋರ್ಡ್ ದಾಟುವವನಿಗೆ ಹೇಳುವ ಮಾತಾ ಇದು?

ಸ್ವಾಮಿ, ಮೊದಲು ಲೆಕ್ಕ ಹಾಕಿ. ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು, ಅಸೈನ್‌ಮೆಂಟ್ ಬರೆಯುವುದೂ ಅದರಲ್ಲೇ. ವಾರ್ಷಿಕ ಪದ್ಧತಿಯ 80 ಕ್ರೆಡಿಟ್‌ನ ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಲು ಹೊರಟರೆ ವರ್ಷಕ್ಕೆ 1,200 ಗಂಟೆ, ಅಂದರೆ ವಾರಕ್ಕೆ 23. ಎಷ್ಟು ಬೇಗ ಎದ್ದರೂ ಈ ಗಂಟೆಗಳನ್ನು ನಿದ್ದೆಯಿಂದಲೇ ಕದಿಯಬೇಕು.

ಆದರೆ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ನಾಲ್ಕು ವರ್ಷದವರೆಗೆ ಅವಕಾಶವಿದೆ, ಪರೀಕ್ಷೆ ಜೂನ್‌ನಲ್ಲೂ ಡಿಸೆಂಬರ್‌ನಲ್ಲೂ ನಡೆಯುತ್ತದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ. ನಾಲ್ಕು ಕ್ರೆಡಿಟ್‌ನ 20 ಪೇಪರ್ ಇವೆ ಅಂದುಕೊಳ್ಳಿ. ಜುಲೈನಲ್ಲಿ ಸೇರಿದವರಿಗೆ ಮೊದಲ ಜೂನ್‌ನಿಂದ ನಾಲ್ಕನೇ ವರ್ಷದ ಜೂನ್‌ವರೆಗೆ ಏಳು ಪರೀಕ್ಷಾ ಸರದಿ ಸಿಗುತ್ತವೆ. ಸರದಿಗೆ ಮೂರೇ ಪೇಪರ್ ಬರೆದರೆ ಆರು ತಿಂಗಳಿಗೆ 360 ಗಂಟೆ, ವಾರಕ್ಕೆ 14. ವಾರದ ಐದು ದಿನ ಒಂದೂವರೆ ಗಂಟೆ, ಶನಿವಾರ ಎರಡೂವರೆ, ಭಾನುವಾರ ನಾಲ್ಕು. ಮೊದಲ ಜೂನ್‌ಗೆ ಹತ್ತು ಹನ್ನೊಂದು ತಿಂಗಳು ಸಿಗುವುದರಿಂದ ಆಗ ಮಾತ್ರ ನಾಲ್ಕು ಬರೆಯಿರಿ. ಆಗ ಒಟ್ಟು 22 ಅವಕಾಶ, ಎರಡು ಪೇಪರ್ ಕೈಕೊಟ್ಟರೂ ಸಾವರಿಸಿಕೊಳ್ಳಬಹುದು. ಮೊದಲ ವರ್ಷದ್ದು ಬಾಕಿ ಉಳಿದಿದ್ದರೂ ಎರಡನೇ ವರ್ಷಕ್ಕೆ ಮರುನೋಂದಣಿ ಮಾಡಬಹುದು. ಫಲಿತಾಂಶಕ್ಕೆ ಕಾಯುತ್ತ ಕೂತು ಆ ಕೊನೆ ದಿನಾಂಕ ಕಳೆದುಕೊಳ್ಳಬೇಡಿ.

"ಬೇಗ ಮುಗಿಸಿದರೆ ಬಡ್ತಿ ಬೇಗ" ಅನ್ನುವವರಿದ್ದಾರೆ. ಹತ್ತು ಪೇಪರ್ ಕಟ್ಟಿ ನಾಲ್ಕು ಪಾಸಾದರೆ ಯಾವ ಬಡ್ತಿ? ಉಳಿದ ಆರಕ್ಕೆ ಮತ್ತೆ ಶುಲ್ಕ, ಮತ್ತೆ ರಜೆ, ಮತ್ತೆ ಮ್ಯಾನೇಜರ್ ಮುಖ.

ಸುಸ್ತು ಹೊಡೆಸುವುದು ಪರೀಕ್ಷೆಗಿಂತ ಅಸೈನ್‌ಮೆಂಟ್. ಸಾಮಾನ್ಯವಾಗಿ ಅದಕ್ಕೆ ಶೇ. 30, ಪರೀಕ್ಷೆಗೆ ಶೇ. 70, ಪಾಸಾಗುವುದು ಎರಡರಲ್ಲೂ ಬೇರೆಬೇರೆಯಾಗಿ. ಜೂನ್ ಪರೀಕ್ಷೆಗೆ ಏಪ್ರಿಲ್ ಕೊನೆಗೆ, ಡಿಸೆಂಬರ್‌ಗೆ ಅಕ್ಟೋಬರ್ ಕೊನೆಗೆ ಸಲ್ಲಿಸುವುದು ವಾಡಿಕೆ. ಮಾರ್ಚ್‌ನ ವರ್ಷಾಂತ್ಯದ ಕೆಲಸ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಏಪ್ರಿಲ್ ಬಂದು ನಿಲ್ಲುತ್ತದೆ. ಅಕೌಂಟ್ಸ್‌ನವರು ಫೆಬ್ರವರಿಯಲ್ಲೇ ಬರೆದಿಡಿ. ಒಂದು ಘಟಕ ಓದಿದ ವಾರವೇ ಅದರ ಉತ್ತರವನ್ನೂ ಬರೆದರೆ ಅದೇ ಪರೀಕ್ಷೆಯ ಟಿಪ್ಪಣಿಯೂ ಆಗುತ್ತದೆ. ಮೆಟ್ರೋದಲ್ಲಿ ಓದಬಹುದು, ಬರೆಯಲಾಗದು. ಹಾಗಾಗಿ ಓದನ್ನು ಪ್ರಯಾಣಕ್ಕೆ, ಬರವಣಿಗೆಯನ್ನು ಭಾನುವಾರಕ್ಕೆ ಬಿಡಿ.

ಬರೆಯುವ ಮುಂಚೆ ಅಸೈನ್‌ಮೆಂಟ್ ಪ್ರಶ್ನೆಪತ್ರಿಕೆ ಯಾವ ವರ್ಷದ್ದು ಅಂತ ನೋಡಿ, ಹಳೆಯ ವರ್ಷದ್ದಕ್ಕೆ ಉತ್ತರಿಸಿದರೆ ಅಷ್ಟೂ ಶ್ರಮ ನೀರಲ್ಲಿ ಹೋಮ. ಸಲ್ಲಿಸಿದ್ದಕ್ಕೆ ರಸೀದಿ ತೆಗೆದುಕೊಂಡು ಉತ್ತರದ ಪ್ರತಿ ಇಟ್ಟುಕೊಳ್ಳಿ. ಗ್ರೇಡ್ ಕಾರ್ಡಿನಲ್ಲಿ ಅಂಕ ಕಾಣದಿದ್ದರೆ ನಿಮ್ಮ ಪರ ಮಾತಾಡುವುದು ಆ ಚೀಟಿ ಒಂದೇ. ನಾಲ್ಕು ಗಂಟೆಗೆ ಎದ್ದಿದ್ದಕ್ಕೆ ಯಾರೂ ರಸೀದಿ ಕೊಡುವುದಿಲ್ಲ.