ಕರಗುವ ಮುನ್ನವೇ ಕಟ್ಟಲಾಗದ ಚಿಪ್ಪು

“ಕಡಲ ನೀರಿನ ಪಿಎಚ್ ಸುಮಾರು 8.1, ಅಂದರೆ ಇನ್ನೂ ಕ್ಷಾರೀಯವೇ. ಹಾಗಿದ್ದ ಮೇಲೆ ಚಿಪ್ಪಿನ ಜೀವಿಗಳಿಗೆ ತೊಂದರೆ ಹೇಗೆ?”

ಮಾನ್ಯರೇ, ನೀರು ನಿಜಕ್ಕೂ ಆಮ್ಲವಾಗುವುದಕ್ಕಿಂತ ಬಹಳ ಮೊದಲೇ ತೊಂದರೆ ಆರಂಭವಾಗುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಡಲ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲ ಉಂಟಾಗುತ್ತದೆ. ಅದು ಬಿಡುವ ಹೈಡ್ರೋಜನ್ ಅಯಾನುಗಳು ಕಾರ್ಬೊನೇಟ್ ಅಯಾನುಗಳನ್ನು ಹಿಡಿದು ಬೈಕಾರ್ಬೊನೇಟ್ ಆಗಿಸುತ್ತವೆ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಜೊತೆಗೆ ಬೇಕಾದದ್ದು ಆ ಕಾರ್ಬೊನೇಟೇ.

ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ವಿಸ್ಕಿ ಕ್ರೀಕ್ ಎಂಬ ಸಿಂಪಿಮರಿಗಳ ಸಾಕಣೆ ಕೇಂದ್ರವಿದೆ. 2007ರ ಸುಮಾರಿಗೆ ಅಲ್ಲಿ ಮರಿಗಳು ತೊಟ್ಟಿಗಟ್ಟಲೆ ಸತ್ತವು. ಮೊದಲು ಬ್ಯಾಕ್ಟೀರಿಯಾದ ಮೇಲೆ ಸಂಶಯ ಬಂತು. ನೀರನ್ನು ಶುದ್ಧಿಗೊಳಿಸಿದರೂ ಸಾವು ನಿಲ್ಲಲಿಲ್ಲ. ಉತ್ತರದ ಗಾಳಿ ಬೀಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವ ಆಳದ ನೀರು ಮೇಲೆದ್ದು ಬಂದಾಗಲೇ ಹಾನಿ ಹೆಚ್ಚೆಂಬುದು ಅಳತೆಗಳಿಂದ ತಿಳಿಯಿತು. ಸಿಂಪಿಯ ಮರಿ ತನ್ನ ಮೊದಲ ಚಿಪ್ಪನ್ನು ಸುಮಾರು ಎರಡೇ ದಿನಗಳಲ್ಲಿ, ಮೊಟ್ಟೆಯಿಂದ ಬಂದ ಕೊಬ್ಬನ್ನಷ್ಟೇ ನೆಚ್ಚಿಕೊಂಡು ಕಟ್ಟಬೇಕು. ಕಾರ್ಬೊನೇಟ್ ವಿರಳವಾದರೆ ಅದೇ ಚಿಪ್ಪಿಗೆ ಹೆಚ್ಚು ಶಕ್ತಿ ವ್ಯಯವಾಗಿ, ಸ್ವತಃ ಆಹಾರ ಹಿಡಿಯುವಷ್ಟು ಬೆಳೆಯುವ ಮೊದಲೇ ದಾಸ್ತಾನು ಮುಗಿದುಹೋಗುತ್ತದೆ. ಮರಿ ಸಾಯುವುದು ಚಿಪ್ಪು ಕರಗಿಯಲ್ಲ, ಶಕ್ತಿ ಬತ್ತಿ. ನನಗೆ ಅತ್ಯಂತ ಸಂಕಟವೆನಿಸುವ ಸಂಗತಿ ಇದೇ.

ಮಳೆಗೆ ಹುಳಿಯಾದ ಅಡಿಕೆ ತೋಟದ ಮಣ್ಣಿಗೆ ನಮ್ಮ ತೀರ್ಥಹಳ್ಳಿ ಕಡೆ ಸುಣ್ಣ ಹಾಕುವಂತೆ, ಆ ಕೇಂದ್ರದವರು ತೊಟ್ಟಿಗೆ ಬರುವ ನೀರಿಗೆ ಸೋಡಾ ಆಶ್, ಅಂದರೆ ಸೋಡಿಯಂ ಕಾರ್ಬೊನೇಟ್, ಬೆರೆಸತೊಡಗಿದರು. ಮರಿಗಳು ಮತ್ತೆ ಉಳಿದವು. ಆದರೆ ಇದು ತೊಟ್ಟಿಗಷ್ಟೇ ಸಾಧ್ಯ. ಆ ಕರಾವಳಿಯಲ್ಲಿ ಈಗ ಆಳದಿಂದ ಮೇಲೇಳುತ್ತಿರುವ ನೀರು ವಾತಾವರಣವನ್ನು ಕೊನೆಯದಾಗಿ ಸೋಕಿದ್ದು ದಶಕಗಳ ಹಿಂದೆ; ಇಂದು ಕಡಲು ಹೀರಿದ ಇಂಗಾಲ ಆ ತೀರಕ್ಕೆ ಬರುವುದು ಇನ್ನು ಮುಂದೆ.